ವಾಕ್, ಟ್ರೇಲ್, ಪಾತ್, ಸರ್ಕ್ಯೂಟ್, ಸೈಕಲ್: ಐದೂ ಒಂದೇ ಚಿತ್ರದಲ್ಲಿ

ಗ್ರಾಫ್ ಥಿಯರಿ ಓದೋಕೆ ಶುರು ಮಾಡಿದವರಿಗೆ ಮೊದಲು ತಲೆ ತಿನ್ನೋದೇ ಈ ಐದು ಪದ. ಡೆಫಿನಿಷನ್ ಬಾಯಿಪಾಠ ಮಾಡಿದ್ರೆ ಎರಡೇ ದಿನಕ್ಕೆ ಎಲ್ಲಾ ಕಲಸಿಹೋಗುತ್ತೆ, ಅದರ ಬದಲು ಒಂದು ಚಿತ್ರ ಬರ್ಕೊಂಡು ಅದರ ಮೇಲೆ ಬೆರಳಿಟ್ಟು ಓಡಾಡಿಸಿ ನೋಡಿ.

```
A       D
| \   / |
|   C   |
| /   \ |
B       E
```

ಇದಕ್ಕೆ ಚಿಟ್ಟೆ ಗ್ರಾಫ್ ಅಂತಾನೇ ಹೆಸರಿದೆ. ಐದು ವರ್ಟೆಕ್ಸ್ ಅಂದ್ರೆ ಬಿಂದುಗಳು, ಆರು ಎಡ್ಜ್ ಅಂದ್ರೆ ಗೆರೆಗಳು, ಎರಡು ತ್ರಿಕೋನ C ಹತ್ರ ಅಂಟ್ಕೊಂಡಿವೆ, ಅಷ್ಟೇ. ಈ ಚಿತ್ರಾನೇ ಯಾಕೆ ಅಂದ್ರೆ ಬರೀ ಒಂದು ತ್ರಿಕೋನ ತಗೊಂಡ್ರೆ ಸರ್ಕ್ಯೂಟಿಗೂ ಸೈಕಲ್‌ಗೂ ವ್ಯತ್ಯಾಸಾನೇ ಕಾಣಲ್ಲ, ಎರಡೂ ಒಂದೇ ಅನ್ಸುತ್ತೆ.

ವಾಕ್‌ಗೆ ಯಾವ ಕಟ್ಟುಪಾಡೂ ಇಲ್ಲ. ಗೆರೆ ಇರೋ ಕಡೆ ಹೋಗ್ತಾ ಇರೋದು, ಹೋದ ಗೆರೆಯಲ್ಲೇ ವಾಪಸ್ ಬಂದ್ರೂ ಸರಿ:

```
A - B - A - C - D
```

ಇಲ್ಲಿ AB ಗೆರೆ ಮೇಲೆ ಎರಡು ಸಲ ಹೋಗಿದೀವಿ, ಆದ್ರೂ ಇದು ವಾಕ್, ಉದ್ದ 4 (ಎಣಿಸೋದು ಗೆರೆಗಳನ್ನ, ಬಿಂದುಗಳನ್ನಲ್ಲ, ಒಂದೇ ಗೆರೆ ಎರಡು ಸಲ ಬಂದ್ರೆ ಎರಡು ಸಲಾನೂ ಲೆಕ್ಕಕ್ಕೆ). ಆದ್ರೆ A ಇಂದ ನೇರ D ಗೆ ಜಿಗಿಯೋ ಹಾಗಿಲ್ಲ, ಅಲ್ಲಿ ಗೆರೆನೇ ಇಲ್ಲ.

ಈಗ ಒಂದು ಷರತ್ತು ಹಾಕೋಣ, ಯಾವ ಗೆರೆನೂ ಎರಡನೇ ಸಲ ಬರಬಾರದು ಅಂತ. ಅದು ಟ್ರೇಲ್:

```
A - C - D - E - C - B
```

AC, CD, DE, EC, CB ಐದೂ ಬೇರೆ ಬೇರೆ ಗೆರೆ, ಹಾಗಾಗಿ ಟ್ರೇಲ್. ಆದ್ರೆ C ಎರಡು ಸಲ ಬಂತು ನೋಡಿ, ಟ್ರೇಲ್‌ಗೆ ಅದೇನೂ ತೊಂದ್ರೆ ಇಲ್ಲ. ಬಿಂದು ಕೂಡ ರಿಪೀಟ್ ಆಗಬಾರದು ಅಂದ್ರೆ ಆಗ ಪಾತ್. ಮೇಲಿನದ್ರಲ್ಲಿ C ಇಂದ ಹೊರಟು C ಗೇ ವಾಪಸ್ ಬಂದ ಸುತ್ತನ್ನ ಕತ್ತರಿಸಿ ಹಾಕಿದ್ರೆ A - C - B ಉಳಿಯುತ್ತೆ, ಅದು ಪಾತ್. ಯಾವ ವಾಕ್ ಆದ್ರೂ ಶುರುವಾದ ಬಿಂದು ಬೇರೆ, ಮುಗಿದ ಬಿಂದು ಬೇರೆ ಇದ್ರೆ ಹೀಗೆ ಸುತ್ತುಗಳನ್ನ ಕತ್ತರಿಸ್ತಾ ಹೋಗಿ ಕೊನೆಗೆ ಒಂದು ಪಾತ್ ತೆಗೀಬಹುದು. ಪಾತ್‌ನಲ್ಲಿ ಗೆರೆ ರಿಪೀಟ್ ಆಗಿದ್ಯಾ ಅಂತ ಬೇರೆ ಚೆಕ್ ಮಾಡೋದೂ ಬೇಡ, ಯಾಕಂದ್ರೆ ಗೆರೆ ಎರಡು ಸಲ ಬಂದ್ರೆ ಅದರ ಎರಡು ತುದಿಯ ಬಿಂದುಗಳೂ ಮತ್ತೆ ಬಂದೇ ಬರ್ತವೆ.

ಇನ್ನು ಹೊರಟ ಜಾಗಕ್ಕೇ ವಾಪಸ್ ಬರೋ ಕೇಸ್. ಟ್ರೇಲ್ ಹಾಗೆ ಮುಚ್ಕೊಂಡ್ರೆ ಸರ್ಕ್ಯೂಟ್:

```
A - C - D - E - C - B - A
```

ಆರು ಗೆರೆನೂ ಒಂದೊಂದೇ ಸಲ ಬಂದ್ವು, A ಗೆ ವಾಪಸ್ ಬಂದ್ವಿ, ಸರ್ಕ್ಯೂಟ್ ಆಯ್ತು. ಸೈಕಲ್ ಮಾತ್ರ ಅಲ್ಲ, ಯಾಕಂದ್ರೆ ನಡುವೆ C ಎರಡು ಸಲ ಬಂದಿದೆ. ಸೈಕಲ್‌ನಲ್ಲಿ ಮೊದಲ ಬಿಂದು ಕೊನೇಲಿ ಮತ್ತೆ ಬರುತ್ತೆ, ಅದೊಂದು ಬಿಟ್ರೆ ಯಾವುದೂ ರಿಪೀಟ್ ಆಗೋ ಹಾಗಿಲ್ಲ: A - B - C - A ಒಂದು, C - D - E - C ಇನ್ನೊಂದು. ಇಡೀ ಚಿಟ್ಟೆಯಲ್ಲಿ ಸೈಕಲ್ ಇರೋದೇ ಈ ಎರಡು, ಯಾಕಂದ್ರೆ ಎಡಗಡೆಯಿಂದ ಬಲಗಡೆಗೆ ಹೋಗೋಕೂ C ಮೂಲಕಾನೇ ಹೋಗಬೇಕು, ವಾಪಸ್ ಬರೋಕೂ C ಮೂಲಕಾನೇ ಬರಬೇಕು. ಅದಕ್ಕೇ ಈ ಗ್ರಾಫ್‌ನಲ್ಲಿ ಎಲ್ಲಾ ಗೆರೆ ಮುಟ್ಟೋ ಸರ್ಕ್ಯೂಟ್ (ಆಯ್ಲರ್ ಸರ್ಕ್ಯೂಟ್) ಸಿಕ್ಕಿದ್ರೂ, ಎಲ್ಲಾ ಬಿಂದು ಮುಟ್ಟೋ ಸೈಕಲ್ (ಹ್ಯಾಮಿಲ್ಟನ್ ಸೈಕಲ್) ಸಿಗಲ್ಲ.

ಜಾಸ್ತಿ ಜನ ಎಡವೋದು A - B - A ಹತ್ರ. ಶುರುನೂ ಕೊನೆನೂ A, ನಡುವೆ ಯಾವ ಬಿಂದುನೂ ರಿಪೀಟ್ ಆಗಿಲ್ಲ, ಹಾಗಾದ್ರೆ ಸೈಕಲ್ ಅಲ್ವಾ ಅಂತ ಕೇಳ್ತಾರೆ. ಅಲ್ಲ. AB ಗೆರೆ ಎರಡು ಸಲ ಬಂತಲ್ಲ, ಸರ್ಕ್ಯೂಟೇ ಆಗಲಿಲ್ಲ ಅಂದಮೇಲೆ ಸೈಕಲ್ ಎಲ್ಲಿಂದ ಆಗುತ್ತೆ, ಅದು ಬರೀ ಕ್ಲೋಸ್ಡ್ ವಾಕ್. ಪಾತ್‌ನಲ್ಲಿ ಬಿಂದು ನೋಡಿದ್ರೆ ಸಾಕಿತ್ತು, ಸೈಕಲ್‌ನಲ್ಲಿ ಗೆರೆನೂ ನೋಡ್ಲೇಬೇಕು. ಎರಡು ಬಿಂದುಗಳ ಮಧ್ಯೆ ಒಂದೇ ಗೆರೆ ಇರೋ ಸಿಂಪಲ್ ಗ್ರಾಫ್‌ನಲ್ಲಿ ಸೈಕಲ್ ಉದ್ದ ಕನಿಷ್ಠ 3. ಆದ್ರೆ A, B ಮಧ್ಯೆ ಎರಡು ಗೆರೆ ಎಳೆದಿದ್ರೆ ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್ ಬರಬಹುದು, ಅದು ಉದ್ದ 2ರ ಸೈಕಲ್ಲೇ, ಅಂಥ ಗ್ರಾಫ್‌ನಲ್ಲಿ ಬಿಂದುಗಳ ಹೆಸರು ಬರೆದ್ರೆ ಸಾಲಲ್ಲ, ಗೆರೆಗೂ ಹೆಸರಿಟ್ಟು ಬರೀಬೇಕು:

```
A -e1- B -e2- A
```

ಇನ್ನೊಂದು ಕಿರಿಕಿರಿ, ಈ ಹೆಸರುಗಳು ಎಲ್ಲಾ ಪುಸ್ತಕದಲ್ಲೂ ಒಂದೇ ಥರ ಇರಲ್ಲ. ಕೆಲವರು ನಮ್ಮ ವಾಕ್‌ನೇ ಪಾತ್ ಅಂತ ಕರೆದು, ನಮ್ಮ ಪಾತ್‌ಗೆ ಸಿಂಪಲ್ ಪಾತ್ ಅಂತಾರೆ, ಇನ್ನು ಕೆಲವರು ಸರ್ಕ್ಯೂಟ್ ಅಂದಾಗ ಸೈಕಲ್ಲೇ ಅವರ ಮನಸಲ್ಲಿರುತ್ತೆ. ಲೆಕ್ಕಕ್ಕೆ ಕೈ ಹಾಕೋ ಮುಂಚೆ ಆ ಪುಸ್ತಕದ ಡೆಫಿನಿಷನ್ ಪೇಜ್ ಒಂದ್ಸಲ ತೆಗೆದು ನೋಡಿ.