ಹನಿ ಜಾರುವ ಕೋಟಿಂಗ್ ಇದ್ದರೂ ಕನ್ನಡಕಕ್ಕೆ ಮಬ್ಬು ಕಟ್ಟುವುದೇಕೆ?

ಪ್ರಶ್ನೆ: ನಾನು ಬದಿಯಡ್ಕದ ಸಮೀಪದವನು, ಎಸಿ ಇರುವ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನೀರು ನಿಲ್ಲದ ಕೋಟಿಂಗ್ ಎಂದು ತಿಳಿದು ಹೆಚ್ಚಿನ ಹಣ ಕೊಟ್ಟು ಹೊಸ ಲೆನ್ಸ್ ಹಾಕಿಸಿದ್ದೇನೆ. ಆದರೂ ಜೂನ್ ತಿಂಗಳಿನಿಂದೀಚೆಗೆ ಸಂಜೆ ಹೊರಗೆ ಕಾಲಿಟ್ಟೊಡನೆ ಕನ್ನಡಕ ಮಬ್ಬಾಗುತ್ತದೆ, ರೈನ್‌ಕೋಟ್ ಹಾಕಿ ನಡೆದರೆ ಮಳೆಹನಿಗಳೂ ಕೂರುತ್ತವೆ. ಕೋಟಿಂಗ್‌ನಲ್ಲಿ ದೋಷವಿದೆಯೇ?

ಉತ್ತರ: ದೋಷವಿರಬೇಕೆಂದಿಲ್ಲ. ನಿಮ್ಮ ಕನ್ನಡಕಕ್ಕೆ ಎರಡು ಬೇರೆ ಬೇರೆ ತೊಂದರೆಗಳಿವೆ, ಮತ್ತು ಒಂದಕ್ಕೆ ಬೇಕಾದ ಮೇಲ್ಮೈ ಇನ್ನೊಂದಕ್ಕೆ ಬೇಕಾದುದಕ್ಕೆ ನೇರ ವಿರುದ್ಧವಾಗಿದೆ. ನೀವು ಕೊಂಡಿರುವುದು ನೀರನ್ನು ದೂರವಿಡುವ ಲೇಪನ. ಕೆಸುವಿನ ಎಲೆಯ ಮೇಲೆ ನಿಂತ ನೀರಿನಂತೆ ಅದರ ಮೇಲೆ ಬಿದ್ದ ಹನಿ ಹರಡದೆ ದುಂಡಗಾಗುತ್ತದೆ, ದೊಡ್ಡದಾದರೆ ತನ್ನ ಭಾರಕ್ಕೆ ತಾನೇ ಜಾರುತ್ತದೆ, ತಲೆಯನ್ನು ಒಮ್ಮೆ ಕೊಡವಿದರೆ ಉದುರುತ್ತದೆ. ಆದರೆ ಒಂದು ಮಿಲಿಮೀಟರಿಗಿಂತ ಚಿಕ್ಕ ಹನಿಗೆ ಜಾರುವಷ್ಟು ಭಾರವಿರುವುದಿಲ್ಲವಾದ್ದರಿಂದ, ತುಂತುರು ಮಳೆಯಲ್ಲಿ ಈ ಲೇಪನದ ಮೇಲೂ ಹನಿಗಳು ಹಾಗೆಯೇ ಕುಳಿತಿರುತ್ತವೆ.

ಮಬ್ಬು ಎಂದರೆ ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣ ಹನಿಗಳ ಗುಂಪು. ಪ್ರತಿಯೊಂದು ಹನಿಯೂ ಬೆಳಕನ್ನು ಒಂದೊಂದು ಕಡೆಗೆ ಚದುರಿಸುವುದರಿಂದ ನೋಟ ಬೆಳ್ಳಗಾಗುತ್ತದೆ. ನೀರನ್ನು ದೂರವಿಡುವ ಲೇಪನ ಈ ಹನಿಗಳನ್ನು ಇನ್ನಷ್ಟು ದುಂಡಗೆ, ಬಿಡಿಬಿಡಿಯಾಗಿ ನಿಲ್ಲಿಸುತ್ತದೆ. ಅಂದರೆ ಮಬ್ಬಿಗೆ ಅದು ಮದ್ದಲ್ಲ. ಮಬ್ಬನ್ನು ತಡೆಯುವ ಲೇಪನ ನೀರನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ. ಆಗ ಹನಿಗಳೆಲ್ಲ ಒಂದಾಗಿ ತೆಳ್ಳಗಿನ ನೀರಿನ ಪೊರೆಯಾಗುತ್ತವೆ, ಆ ಪೊರೆಯ ಮೂಲಕ ಬೆಳಕು ನೇರವಾಗಿ ದಾಟುತ್ತದೆ. ತೇವ ಎಲ್ಲಿಗೂ ಹೋಗಿರುವುದಿಲ್ಲ, ಅದರ ಆಕಾರ ಮಾತ್ರ ಬದಲಾಗಿರುತ್ತದೆ.

ಕಚೇರಿಯ ಬಾಗಿಲಲ್ಲಿ ನಡೆಯುವುದನ್ನು ಲೆಕ್ಕ ಹಾಕಿ ನೋಡಬಹುದು. ಮಳೆಗಾಲದ ಸಂಜೆ ಕಾಸರಗೋಡಿನಲ್ಲಿ ಹೊರಗಿನ ತಾಪ 27 ಡಿಗ್ರಿ, ಗಾಳಿಯ ತೇವಾಂಶ ಶೇಕಡಾ 90 ಎಂದಿಟ್ಟುಕೊಳ್ಳೋಣ. ಅಂಥ ಗಾಳಿ ಸುಮಾರು 25 ಡಿಗ್ರಿಗೆ ತಣಿದರೆ ಸಾಕು, ಅದರಲ್ಲಿರುವ ಆವಿ ನೀರಾಗತೊಡಗುತ್ತದೆ. ಇದನ್ನು ಇಬ್ಬನಿ ಬಿಂದು ಎನ್ನುತ್ತಾರೆ. ಎಸಿಯನ್ನು 22 ಡಿಗ್ರಿಗೆ ಇಟ್ಟ ಕೋಣೆಯಲ್ಲಿ ಕುಳಿತವರ ಲೆನ್ಸ್ ಆ ಬಿಂದುವಿಗಿಂತ ತಣ್ಣಗಿರುವುದರಿಂದ ಹೊರಬಂದ ಕೂಡಲೇ ಎರಡೂ ಬದಿ ಮಬ್ಬಾಗುತ್ತದೆ. ಎಸಿ 26ರಲ್ಲಿದ್ದರೆ ಅದೇ ಸಂಜೆ ಅದೇ ಲೆನ್ಸ್ ತಿಳಿಯಾಗಿಯೇ ಇರುತ್ತದೆ. ಎಸಿಯ ಗುಂಡಿ ನಿಮ್ಮ ಕೈಯಲ್ಲಿಲ್ಲದಿದ್ದರೆ, ಹೊರಡುವ ಕೆಲವು ನಿಮಿಷ ಮೊದಲು ಕನ್ನಡಕವನ್ನು ಅದರ ತೆಳ್ಳಗಿನ ಬಟ್ಟೆಯ ಚೀಲದಲ್ಲಿ ಹಾಕಿ ಮೈಗೆ ತಾಗುವ ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳಿ. ಲೆನ್ಸ್ ನಾಲ್ಕೈದು ಡಿಗ್ರಿ ಬಿಸಿಯಾದರೆ ಬಾಗಿಲಿನ ಮಬ್ಬು ಕಟ್ಟುವುದೇ ಇಲ್ಲ. ಇದಕ್ಕಾಗಿ ಯಾವ ಲೇಪನಕ್ಕೂ ಹಣ ಹಾಕಬೇಕಾಗಿಲ್ಲ.

ರೈನ್‌ಕೋಟಿನೊಳಗಿನ ಮಬ್ಬು ಬೇರೆ. ಅಲ್ಲಿ ತೇವ ಬರುವುದು ನಿಮ್ಮ ಉಸಿರಿನಿಂದ ಮತ್ತು ಕುತ್ತಿಗೆಯ ಕಡೆಯಿಂದ ಮೇಲೇರುವ ಬೆವರಿನ ಆವಿಯಿಂದ, ಆದ್ದರಿಂದ ಅದು ಹೆಚ್ಚಾಗಿ ಲೆನ್ಸಿನ ಒಳಬದಿಗೇ ಕಟ್ಟುತ್ತದೆ. ಮಳೆಹನಿ ಬೀಳುವುದಾದರೋ ಬಹುಪಾಲು ಹೊರಬದಿಗೆ. ಹೀಗೆ ಎರಡು ತೊಂದರೆಗಳೂ ಎರಡು ಬದಿಗೆ ಹಂಚಿಹೋಗಿರುವುದೇ ನಮಗೆ ಅನುಕೂಲ: ಹೊರಬದಿಯ ಲೇಪನವನ್ನು ಇದ್ದಂತೆಯೇ ಬಿಟ್ಟು, ಒಳಬದಿಗೆ ಮಾತ್ರ ಮಬ್ಬು ತಡೆಯುವ ಉಪಾಯ ಮಾಡಬೇಕು. ಎರಡೂ ಬದಿಗೆ ಒಂದೇ ದ್ರವವನ್ನು ಬಳಿಯುವವರು ಹೊರಬದಿಯ ಗುಣವನ್ನು ತಾವೇ ಕಳೆದುಕೊಳ್ಳುತ್ತಾರೆ, ಮಳೆಗೆ ಆ ದ್ರವವೂ ಬೇಗನೆ ತೊಳೆದುಹೋಗುತ್ತದೆ.

ಒಳಬದಿಗೆ ಅಂಗಡಿಯ ಮಬ್ಬು ನಿರೋಧಕ ದ್ರವವೇ ಬೇಕೆಂದಿಲ್ಲ. ಪಾತ್ರೆ ತೊಳೆಯುವ ಸಾಮಾನ್ಯ ದ್ರವ ಸಾಬೂನು ಅದೇ ಕೆಲಸ ಮಾಡುತ್ತದೆ. ಮಾಸ್ಕ್ ಧರಿಸಿದಾಗ ಕನ್ನಡಕ ಮಬ್ಬಾಗದಂತೆ ಸಾಬೂನು ನೀರಿನಲ್ಲಿ ತೊಳೆದು ಗಾಳಿಗೆ ಒಣಗಿಸುವ ಕ್ರಮವನ್ನು ಬ್ರಿಟನ್ನಿನ ಶಸ್ತ್ರಚಿಕಿತ್ಸಕರ ಪತ್ರಿಕೆಯೊಂದು 2011ರಲ್ಲೇ ಪ್ರಕಟಿಸಿತ್ತು. ಮೊದಲು ಕನ್ನಡಕವನ್ನು ನಳ್ಳಿಯ ತಣ್ಣೀರಿನಲ್ಲಿ ಹಿಡಿದು ಧೂಳು ಹೋಗಲು ಬಿಡಿ. ಅನಂತರ ಒಂದು ಹನಿ ಸಾಬೂನಿನಿಂದ ಎರಡೂ ಬದಿಯನ್ನು ಬೆರಳಿನಿಂದ ತೊಳೆದು, ಪೂರ್ತಿ ಜಾಲಿಸಿ, ಒರಸಿ. ಇದನ್ನು ಬಿಡಬಾರದು, ಏಕೆಂದರೆ ಚರ್ಮದ ಜಿಡ್ಡು ಉಳಿದಲ್ಲಿ ಯಾವ ಲೇಪನವೂ ಕೆಲಸ ಮಾಡುವುದಿಲ್ಲ. ಬಳಿಕ ಬೆರಳ ತುದಿಯಲ್ಲಿ ಸಾಬೂನಿನ ಪಸೆಯಷ್ಟೇ ತೆಗೆದುಕೊಂಡು ಒಳಬದಿಗೆ ಸವರಿ, ಒಣಗಲು ಬಿಟ್ಟು, ಸ್ವಚ್ಛವಾದ ಮೈಕ್ರೋಫೈಬರ್ ಬಟ್ಟೆಯಿಂದ ತಿಳಿಯಾಗುವವರೆಗೆ ಮೆಲ್ಲಗೆ ಉಜ್ಜಿ. ಸಾಬೂನು ದಪ್ಪವಾಗಿ ಉಳಿದರೆ ನೋಟ ಕಲಸುತ್ತದೆ, ಬೆವರಿನೊಂದಿಗೆ ಕಣ್ಣಿಗಿಳಿದರೆ ಉರಿಯುತ್ತದೆ. ಸರಿಯಾಯಿತೇ ಎಂದು ತಿಳಿಯಲು ಒಳಬದಿಗೆ ಬಾಯಿಂದ ಒಮ್ಮೆ ಉಸಿರು ಬಿಟ್ಟು ನೋಡಿ: ಬಿಳಿ ಮಬ್ಬು ಕಾಣದಿದ್ದರೆ ಪೊರೆ ಕೂತಿದೆ. ಇದು ಹೆಚ್ಚು ಕಾಲ ಉಳಿಯುವುದಿಲ್ಲ. ದಿನವೂ ಬೆಳಗ್ಗೆ ಮಾಡುವ ಕೆಲಸವೆಂದು ಇಟ್ಟುಕೊಳ್ಳುವುದು ಒಳ್ಳೆಯದು. ಟೂತ್‌ಪೇಸ್ಟ್ ಬಳಸಲೇಬೇಡಿ, ಅದರ ಪುಡಿ ಲೇಪನವನ್ನು ಗೀರುತ್ತದೆ. ಬಿಸಿನೀರೂ ಬೇಡ, ಪ್ರತಿಫಲನ ತಡೆಯುವ ಪದರ ಅದರಿಂದ ಬಿರುಕು ಬಿಡುತ್ತದೆ.

ಇನ್ನು ಹನಿಗಳು. ಕೂತ ಹನಿಯನ್ನು ಒರಸುವುದಕ್ಕಿಂತ ಅದು ಕೂರದಂತೆ ನೋಡಿಕೊಳ್ಳುವುದು ಮೇಲು, ಅದಕ್ಕೆ ಗಟ್ಟಿ ಮುಂಚಾಚಿರುವ ಟೋಪಿ ಬೇಕು. ನಮ್ಮ ತೋಟದ ಕೆಲಸದ ಹಾಳೆಯ ಮುಟ್ಟಾಳೆ ತಲೆಯನ್ನು ಚೆನ್ನಾಗಿ ಕಾಯುತ್ತದೆ, ಆದರೆ ಮುಂದಕ್ಕೆ ಚಾಚಿದ ಅಂಚು ಇಲ್ಲದ ಕಾರಣ ಕನ್ನಡಕಕ್ಕೆ ಮರೆಯಾಗುವುದಿಲ್ಲ. ಮುಂಚಾಚು ಹಣೆಯಿಂದ 7 ಸೆಂಟಿಮೀಟರ್ ಇದ್ದರೆ ಲೆನ್ಸಿಗಿಂತ ಸುಮಾರು 5 ಸೆಂಟಿಮೀಟರ್ ಮುಂದಿರುತ್ತದೆ. ಲೆನ್ಸಿನ ಕೆಳಗಿನ ಅಂಚು ಅದರಿಂದ 8 ಸೆಂಟಿಮೀಟರ್ ಕೆಳಗಿದೆ ಎನ್ನೋಣ. ಸಾಧಾರಣ ಮಳೆಹನಿ ಸೆಕೆಂಡಿಗೆ ಸುಮಾರು 6 ಮೀಟರ್ ವೇಗದಲ್ಲಿ ಇಳಿಯುತ್ತದೆ, ನೀವು ನಡೆಯುವುದು ಒಂದೂಕಾಲು ಮೀಟರ್. ಹಾಗಾಗಿ ಹನಿ 8 ಸೆಂಟಿಮೀಟರ್ ಇಳಿಯುವಷ್ಟರಲ್ಲಿ ನಿಮ್ಮೆಡೆಗೆ ಎರಡು ಸೆಂಟಿಮೀಟರ್ ಕೂಡ ಬರುವುದಿಲ್ಲ, ಲೆನ್ಸ್ ಒಣಗಿರುತ್ತದೆ. ಸ್ಕೂಟರಿನಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋದರೆ ಅದೇ ಹನಿ 11 ಸೆಂಟಿಮೀಟರ್ ಒಳನುಗ್ಗುತ್ತದೆ. ಅಲ್ಲಿ ಹೆಲ್ಮೆಟ್ಟಿನ ಮುಖಗಾಜು ಬಿಟ್ಟು ಬೇರೆ ದಾರಿಯಿಲ್ಲ. ಸಮುದ್ರದ ಕಡೆಯಿಂದ ಬೀಸುವ ಜೋರು ಗಾಳಿಗೆ ಮುಖ ಮಾಡಿ ನಡೆಯುವಾಗಲೂ ಲೆನ್ಸಿನ ಕೆಳಭಾಗ ತೋಯುತ್ತದೆ, ಆಗ ಮುಂಚಾಚನ್ನು ತುಸು ಕೆಳಕ್ಕೆ ಎಳೆದುಕೊಳ್ಳಿ.

ಟೋಪಿಯನ್ನು ರೈನ್‌ಕೋಟಿನ ಹುಡ್ಡಿನ ಒಳಗೆ ಧರಿಸಿ, ಮುಂಚಾಚು ಹೊರಗಿರಲಿ. ಇದರಿಂದ ಹುಡ್ಡು ಕನ್ನಡಕದ ಮೇಲೆ ಜೋತುಬೀಳುವುದಿಲ್ಲ, ಕೆನ್ನೆಯ ಪಕ್ಕದಲ್ಲಿ ಉಸಿರು ಹೊರಹೋಗಲು ಜಾಗವೂ ಉಳಿಯುತ್ತದೆ. ಮಳೆ ತಗ್ಗಿದಾಗ ಕುತ್ತಿಗೆಯ ಮೇಲಿನ ಗುಂಡಿಯನ್ನು ಬಿಚ್ಚಿಬಿಡಿ. ಬಟ್ಟೆಯ ಮೆತ್ತನೆಯ ಅಂಚು ನೀರು ಹೀರಿಕೊಂಡು ಕಣ್ಣೆದುರಿಗೇ ತೊಟ್ಟಿಕ್ಕುವುದರಿಂದ, ನೀರು ಹೀರದ, ನಡುವೆ ಉಬ್ಬಿ ಎರಡು ಪಕ್ಕಕ್ಕೆ ಬಾಗಿದ ಮುಂಚಾಚನ್ನೇ ಆರಿಸಿ. ಇಷ್ಟಾದರೂ ಹನಿ ಕೂತರೆ ಕನ್ನಡಕ ತೆಗೆದು ಕೊಡವಿ, ಒಣಬಟ್ಟೆಯಿಂದ ಒತ್ತಿ ತೆಗೆಯಿರಿ. ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿರಬೇಕು, ಏಕೆಂದರೆ ಒದ್ದೆಯಾದ ಮೈಕ್ರೋಫೈಬರ್ ನೀರನ್ನು ಸವರುತ್ತದೆಯೇ ಹೊರತು ಹೀರುವುದಿಲ್ಲ.

ನಿಮ್ಮ ಹೊರಬದಿಯ ಲೇಪನ ಚೆನ್ನಾಗಿದೆಯೇ ಎಂದು ತಿಳಿಯಲು, ಲೆನ್ಸನ್ನು ಸಾಬೂನಿನಿಂದ ತೊಳೆದು, ಸಾಬೂನು ಚೂರೂ ಉಳಿಯದಂತೆ ಜಾಲಿಸಿ, ಒಣಗಿಸಿ, ಮೇಲೆ ಒಂದು ಹನಿ ನೀರು ಬಿಡಿ. ಹನಿ ದುಂಡಗೆ ನಿಂತು, ಲೆನ್ಸನ್ನು ಓರೆ ಮಾಡಿದಾಗ ಗುರುತು ಬಿಡದೆ ಜಾರಿದರೆ ಲೇಪನ ಸರಿಯಿದೆ. ಹನಿ ಚಪ್ಪಟೆಯಾಗಿ ಹರಡಿ ಬಾಲ ಬಿಟ್ಟುಕೊಂಡು ಇಳಿದರೆ ಅದು ಸವೆದಿದೆ. ಹೊಸ ಲೆನ್ಸಿನಲ್ಲಿ ಹಾಗಾದರೆ ಅಂಗಡಿಯವರ ಮುಂದೆಯೇ ಈ ಪರೀಕ್ಷೆ ಮಾಡಿ ತೋರಿಸಿ, ಬದಲಿಸಿಕೊಡಲು ಕೇಳಿ.