ಬಿಳಿಯರು ‘ಕಾಕೇಶಿಯನ್’ ಆದದ್ದು ಹೇಗೆ?

ಜರ್ಮನಿಯ ಗಾಟಿಂಗನ್ ವಿಶ್ವವಿದ್ಯಾಲಯದ ಅಂಗರಚನಾ ವಿಭಾಗದಲ್ಲಿ ಹಳೆಯ ತಲೆಬುರುಡೆಗಳ ಒಂದು ಸಂಗ್ರಹವಿದೆ. ಅದರಲ್ಲಿ ಜಾರ್ಜಿಯಾ ದೇಶದ ಒಬ್ಬ ಹೆಣ್ಣುಮಗಳ ಬುರುಡೆಯೂ ಇದೆ. ಆಕೆಯ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ಕ್ಯಾಥರೀನ್ ರಾಣಿಯ ಕಾಲದಲ್ಲಿ ರಷ್ಯಾಕ್ಕೂ ತುರ್ಕರಿಗೂ ಯುದ್ಧವಾದಾಗ ಆಕೆಯನ್ನು ಸೆರೆಹಿಡಿದು ಮಾಸ್ಕೋಗೆ ತಂದರು. ಅಲ್ಲಿ ಆಕೆ ಇದ್ದಕ್ಕಿದ್ದಂತೆ ತೀರಿಕೊಂಡಳು. ಸಾವಿನ ಕಾರಣ ಹುಡುಕಲು ಹಿಲ್ಟೆಬ್ರಾಂಟ್ ಎಂಬ ಪ್ರಾಧ್ಯಾಪಕರು ಶವವನ್ನು ಕೊಯ್ದು ನೋಡಿದರು. ಬುರುಡೆಯ ಆಕಾರ ತುಂಬಾ ಚೆಂದ ಇದೆ ಅನ್ನಿಸಿತು, ಅದನ್ನು ಜೋಪಾನವಾಗಿ ತೆಗೆದಿಟ್ಟರು. ಆಮೇಲೆ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಫಾನ್ ಆಶ್ ಎಂಬ ವೈದ್ಯರಿಗೆ ಕಳಿಸಿದರು. ಆಶ್ ಗಾಟಿಂಗನ್ನಿನ ಹಳೆಯ ವಿದ್ಯಾರ್ಥಿ. ಅವರು 1793ರಲ್ಲಿ ಅದನ್ನು ಅಲ್ಲಿನ ಪ್ರಾಧ್ಯಾಪಕ ಯೋಹಾನ್ ಫ್ರೀಡ್ರಿಶ್ ಬ್ಲೂಮೆನ್‌ಬಾಖ್ ಅವರಿಗೆ ಕಳಿಸಿಕೊಟ್ಟರು.

ಇದಾದ ಎರಡು ವರ್ಷಕ್ಕೆ, 1795ರಲ್ಲಿ, ಬ್ಲೂಮೆನ್‌ಬಾಖ್ ಮನುಷ್ಯರ ಬಗೆಗಳ ಮೇಲೆ ತಾವು ಬರೆದಿದ್ದ ಲ್ಯಾಟಿನ್ ಪುಸ್ತಕದ ಮೂರನೇ ಆವೃತ್ತಿ ತಂದರು. ಮನುಷ್ಯರಲ್ಲಿ ಐದು ಬಗೆ ಎಂದು ಹಿಂದಿನ ಆವೃತ್ತಿಯಲ್ಲೇ ಹೇಳಿದ್ದರು. ಈ ಸಲ ಐದಕ್ಕೂ ಹೆಸರು ಇಟ್ಟರು: ಕಾಕೇಶಿಯನ್, ಮಂಗೋಲಿಯನ್, ಇಥಿಯೋಪಿಯನ್, ಅಮೆರಿಕನ್, ಮಲಯ. ಇವತ್ತಿಗೂ ಅಮೆರಿಕದ ಪೊಲೀಸರು, ಆಸ್ಪತ್ರೆಗಳು, ಪತ್ರಿಕೆಗಳು ಬಿಳಿಯರನ್ನು ಕಾಕೇಶಿಯನ್ ಎನ್ನುವುದು ಈ ಪಟ್ಟಿಯಿಂದಲೇ.

ಅವರ ಕೆಲಸದ ರೀತಿ ಹೀಗಿತ್ತು. ಬುರುಡೆಗಳನ್ನು ಮೇಜಿನ ಮೇಲೆ ಒಂದೇ ಸಾಲಿನಲ್ಲಿ ಇಡುವುದು. ಹಿಂದೆ ನಿಂತು, ಬಗ್ಗಿ, ಮೇಲಿನಿಂದ ನೋಡುವುದು. ಹಾಗೆ ನೋಡಿದಾಗ ಹಣೆಯ ಅಂಚಿನಾಚೆ ಕೆನ್ನೆಯ ಮೂಳೆ ಎಷ್ಟು ಚಾಚಿದೆ, ದವಡೆ ಎಷ್ಟು ಮುಂದೆ ಬಂದಿದೆ ಅನ್ನುವುದು ಒಂದೇ ನೋಟಕ್ಕೆ ಸಿಗುತ್ತದೆ. ಜಾರ್ಜಿಯಾದ ಬುರುಡೆಯಲ್ಲಿ ಕೆನ್ನೆಯ ಮೂಳೆಯೂ ಕಾಣುತ್ತಿರಲಿಲ್ಲ, ದವಡೆಯೂ ಕಾಣುತ್ತಿರಲಿಲ್ಲ. ಎಲ್ಲವೂ ಗುಂಡಗಿನ ಹಣೆಯ ಕೆಳಗೆ ಅಡಗಿದ್ದವು. ಪುಸ್ತಕದ ಚಿತ್ರದಲ್ಲಿ ಐದು ಬುರುಡೆಗಳಿವೆ, ಇದನ್ನು ನಟ್ಟನಡುವೆ ಇಟ್ಟಿದ್ದಾರೆ. ಮನುಷ್ಯರ ಮೂಲ ಆಕಾರ ಇದು, ಇಲ್ಲಿಂದ ಎರಡೂ ಕಡೆಗೆ ಉಳಿದವರು ಸ್ವಲ್ಪಸ್ವಲ್ಪವೇ ದೂರ ಸರಿಯುತ್ತಾ ಹೋದರು ಎಂಬುದು ಅವರ ವಾದ.

ಹೆಸರಿಗೆ ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವಿನ ಕಾಕಸಸ್ ಬೆಟ್ಟಗಳೇ ಯಾಕೆ? ಅವರು ಎರಡು ಕಾರಣ ಕೊಟ್ಟಿದ್ದಾರೆ. ಆ ಬೆಟ್ಟದ ದಕ್ಷಿಣದ ಇಳಿಜಾರಿನಲ್ಲಿ ಜಗತ್ತಿನ ಅತಿ ಸುಂದರ ಜನ, ಅಂದರೆ ಜಾರ್ಜಿಯನ್ನರು, ಇದ್ದಾರೆ ಎಂಬುದು ಮೊದಲನೆಯದು. ಮನುಷ್ಯರು ಮೊದಲು ಹುಟ್ಟಿದ್ದು ಅಲ್ಲೇ ಇರಬೇಕು ಎಂಬುದು ಎರಡನೆಯದು. ಸೌಂದರ್ಯಕ್ಕೆ ಸಾಕ್ಷಿ? 17ನೇ ಶತಮಾನದ ಫ್ರೆಂಚ್ ಪ್ರವಾಸಿ ಶಾರ್ದಾನ್ ಬರೆದ ಮಾತು. ಆ ದೇಶದಲ್ಲಿ ಒಂದು ಕುರೂಪದ ಮುಖವನ್ನೂ ಕಾಣಲಿಲ್ಲ ಎಂದು ಆತ ಹೊಗಳಿದ್ದ. ಜಾರ್ಜಿಯಾದ ಹೆಂಗಸರ ಚೆಲುವಿನ ಖ್ಯಾತಿ ಯೂರೋಪಿಗೆ ಹೇಗೆ ಬಂತು ಅನ್ನುವುದೂ ಇಲ್ಲಿ ಮುಖ್ಯ. ಅವರನ್ನು ತುರ್ಕಿಯ ಮತ್ತು ಪರ್ಷಿಯಾದ ಅಂತಃಪುರಗಳಿಗೆ ಗುಲಾಮರಾಗಿ ಮಾರುತ್ತಿದ್ದರು. ಚೆಲುವಿನ ಮಾತು ಆ ವ್ಯಾಪಾರದ ಜೊತೆಗೇ ಹರಡಿತು.

ನನಗೆ ಇಲ್ಲಿ ಎದ್ದು ಕಾಣುವ ತಪ್ಪು ಅಳತೆಯದ್ದಲ್ಲ, ಆಯ್ಕೆಯದ್ದು. ಮಾಸ್ಕೋದ ಪ್ರಾಧ್ಯಾಪಕರು ಆ ಬುರುಡೆಯನ್ನು ಎತ್ತಿಟ್ಟಿದ್ದೇ ಅದು ಚೆಂದ ಇದೆ ಅಂತ. ಚೆಂದ ಇಲ್ಲದ ಜಾರ್ಜಿಯನ್ ಬುರುಡೆ ಗಾಟಿಂಗನ್‌ವರೆಗೆ ಬರುವ ದಾರಿಯೇ ಇರಲಿಲ್ಲ. ಹಾಗೆ ಸೋಸಿ ಬಂದ ಒಂದೇ ಒಂದು ಬುರುಡೆಯನ್ನು ನೋಡಿ, ಆ ಜನರೆಲ್ಲ ಸುಂದರರು ಎಂಬ ಮೊದಲೇ ಇದ್ದ ನಂಬಿಕೆ ಗಟ್ಟಿಯಾಯಿತು.

ಬ್ಲೂಮೆನ್‌ಬಾಖ್ ಕೆಟ್ಟ ಮನುಷ್ಯ ಅಂದುಕೊಳ್ಳಬೇಡಿ. ಮನುಷ್ಯರೆಲ್ಲ ಒಂದೇ ಜಾತಿಯ ಜೀವಿ, ಒಂದು ಬಗೆ ಇನ್ನೊಂದರಲ್ಲಿ ಗೊತ್ತೇ ಆಗದಂತೆ ಬೆರೆಯುತ್ತದೆ, ನಡುವೆ ಗೆರೆ ಎಳೆಯಲು ಆಗುವುದಿಲ್ಲ ಎಂದು ಅವರೇ ಬರೆದಿದ್ದಾರೆ. ಗುಲಾಮಗಿರಿಯನ್ನು ವಿರೋಧಿಸಿದ್ದರು. ಕರಿಯ ಲೇಖಕರ ಪುಸ್ತಕಗಳನ್ನು ಹುಡುಕಿ ಹುಡುಕಿ ಸೇರಿಸಿಟ್ಟಿದ್ದರು. ಹೋಗಲಿ, ಕಾಕೇಶಿಯನ್ ಎಂಬ ಹೆಸರೂ ಮೊದಲು ಅವರದ್ದಲ್ಲ. ಅದೇ ವಿಶ್ವವಿದ್ಯಾಲಯದ ಕ್ರಿಸ್ಟೋಫ್ ಮೈನರ್ಸ್ 1785ರಲ್ಲೇ ಅದನ್ನು ಬಳಸಿದ್ದ. ಅವನ ಲೆಕ್ಕದಲ್ಲಿ ಜಗತ್ತಿನಲ್ಲಿ ಇದ್ದದ್ದು ಎರಡೇ ಬಗೆಯ ಜನ, ಸುಂದರರು ಮತ್ತು ಕುರೂಪಿಗಳು. ಅವನ ಪುಸ್ತಕ ಹಿಂದೆ ಸರಿಯಿತು. ಬ್ಲೂಮೆನ್‌ಬಾಖ್ ಅವರದ್ದು ಅಂಗರಚನಾ ಶಾಸ್ತ್ರದ ಪುಸ್ತಕ. ಅದರೊಳಗೆ ಕುಳಿತ ಮೇಲೆ ಆ ಹೆಸರಿಗೆ ವಿಜ್ಞಾನದ ಮುದ್ರೆ ಬಿತ್ತು. ಅವರು ಹಾಕಿದ್ದ ಎಚ್ಚರಿಕೆ ಮಾತ್ರ ಪುಸ್ತಕದಲ್ಲೇ ಉಳಿಯಿತು.

ಇನ್ನೊಂದು ವಿಷಯ. ಅವರ ಕಾಕೇಶಿಯನ್ ಅಂದರೆ ಬರೀ ಬಿಳಿಯರಲ್ಲ. ಉತ್ತರ ತುದಿಯ ಲ್ಯಾಪ್ ಮತ್ತು ಫಿನ್ ಜನರನ್ನು ಬಿಟ್ಟು ಯೂರೋಪಿನವರು, ಉತ್ತರ ಆಫ್ರಿಕಾದವರು, ಏಷ್ಯಾದಲ್ಲಿ ಸೈಬೀರಿಯಾದ ಓಬ್ ನದಿ, ಕ್ಯಾಸ್ಪಿಯನ್ ಸಮುದ್ರ ಮತ್ತು ಗಂಗಾ ನದಿಯವರೆಗಿನ ಜನ, ಎಲ್ಲರೂ ಅದರಲ್ಲಿದ್ದರು. ಗಂಗೆಯ ಈಚೆಗಿರುವ ಮೈಸೂರಿನವರು, ಧಾರವಾಡದವರು ಕೂಡ ಆ ಗೆರೆಯೊಳಗೇ ಬಂದೆವು!

ಈ ಗೆರೆ ಅಮೆರಿಕದ ಕೋರ್ಟಿಗೆ ಹೋದಾಗ ಏನಾಯಿತು ನೋಡಿ. 1790ರ ಅಲ್ಲಿನ ಕಾನೂನು ಹೊರಗಿನಿಂದ ಬಂದವರಲ್ಲಿ ‘ಸ್ವತಂತ್ರ ಬಿಳಿಯ ವ್ಯಕ್ತಿ’ಗಳಿಗೆ ಮಾತ್ರ ಪೌರತ್ವ ಕೊಡುತ್ತಿತ್ತು. 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಿದರು. ಏಷ್ಯಾದವರ ಗತಿ? 1922ರ ನವೆಂಬರಿನಲ್ಲಿ ತಕಾವೊ ಓಜಾವಾ ಎಂಬ ಜಪಾನಿಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಇಪ್ಪತ್ತು ವರ್ಷ ಅಲ್ಲೇ ಬದುಕಿದ್ದ ಮನುಷ್ಯ. ನನ್ನ ಚರ್ಮ ಎಷ್ಟೋ ಬಿಳಿಯರಿಗಿಂತ ಬೆಳ್ಳಗಿದೆ ಎಂಬುದೂ ಅವನ ವಾದದಲ್ಲಿತ್ತು. ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್ ಒಪ್ಪಲಿಲ್ಲ. ಬಣ್ಣ ನೋಡಿ ಹೇಳುವುದಕ್ಕಾಗದು, ಬಿಳಿಯ ಎಂದರೆ ಕಾಕೇಶಿಯನ್ ಜನಾಂಗದವನು, ನೀನು ಅಲ್ಲ ಎಂದರು.

ಮೂರೇ ತಿಂಗಳಲ್ಲಿ ಅದೇ ಕೋರ್ಟಿಗೆ ಭಗತ್ ಸಿಂಗ್ ಥಿಂಡ್ ಅವರ ಕೇಸು ಬಂತು. ಪಂಜಾಬಿನ ಅಮೃತಸರದ ಕಡೆಯ ಸಿಖ್ಖರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಒರೆಗಾನ್‌ನ ಕೋರ್ಟು ಅವರಿಗೆ ಪೌರತ್ವ ಕೊಟ್ಟಿತ್ತು, ಸರ್ಕಾರ ಅದನ್ನು ಪ್ರಶ್ನಿಸಿತ್ತು. ಥಿಂಡ್ ವಾದ ಸರಳ: ಉತ್ತರ ಭಾರತದವರು ಕಾಕೇಶಿಯನ್ನರು ಎಂದು ನಿಮ್ಮ ವಿಜ್ಞಾನಿಗಳೇ ಬರೆದಿದ್ದಾರೆ. ಕಾಕೇಶಿಯನ್ ಎಂದರೆ ಬಿಳಿಯ ಎಂದು ಈಗಷ್ಟೇ ನೀವೇ ಹೇಳಿದ್ದೀರಿ. ಹಾಗಾದರೆ ನಾನು ಬಿಳಿಯ, ಅಲ್ವಾ?

ವಾದಕ್ಕೆ ಇನ್ನೊಂದು ಊರುಗೋಲೂ ಇತ್ತು, ಓದಿದರೆ ಕಸಿವಿಸಿಯಾಗುತ್ತದೆ. ತಾನು ಮೇಲ್ಜಾತಿಯವನು, ಅಮೆರಿಕದ ಬಿಳಿಯರು ಕರಿಯರನ್ನು ಮದುವೆಯ ವಿಷಯದಲ್ಲಿ ಹೇಗೆ ದೂರ ಇಡುತ್ತಾರೋ ನಮ್ಮಲ್ಲೂ ಮೇಲ್ಜಾತಿಯವರು ಇಲ್ಲಿನ ಮೂಲನಿವಾಸಿಗಳನ್ನು ಹಾಗೇ ದೂರ ಇಡುತ್ತಾರೆ, ಆದ್ದರಿಂದ ನಮ್ಮ ರಕ್ತ ಬೆರೆತಿಲ್ಲ ಅನ್ನುವ ಮಾತು. ಜಾತಿಯ ಬೇಲಿಯನ್ನೇ ಬಿಳಿತನಕ್ಕೆ ಪುರಾವೆಯಾಗಿ ಕೊಟ್ಟಿದ್ದರು.

1923ರ ಫೆಬ್ರವರಿ 19ರಂದು ತೀರ್ಪು ಬಂತು. ಬರೆದದ್ದು ಅದೇ ಸದರ್ಲೆಂಡ್. ಸ್ಕ್ಯಾಂಡಿನೇವಿಯಾದ ಹೊಂಗೂದಲಿನವನಿಗೂ ಕಂದು ಬಣ್ಣದ ಹಿಂದೂವಿಗೂ ಯಾವುದೋ ಕಾಲದಲ್ಲಿ ಒಬ್ಬನೇ ಪೂರ್ವಜ ಇದ್ದಿರಬಹುದು, ಆದರೆ ಇವತ್ತು ಇಬ್ಬರಿಗೂ ಇರುವ ವ್ಯತ್ಯಾಸ ಸಾಮಾನ್ಯ ಮನುಷ್ಯನಿಗೆ ಚೆನ್ನಾಗಿ ಗೊತ್ತು ಎಂದರು. ಕಾನೂನಿನ ಮಾತನ್ನು ವಿಜ್ಞಾನಿಯ ಅರ್ಥದಲ್ಲಲ್ಲ, ಸಾಮಾನ್ಯ ಜನರ ಅರ್ಥದಲ್ಲಿ ಓದಬೇಕಂತೆ. ಜಪಾನಿಯನ್ನು ಹೊರಗಿಡಲು ವಿಜ್ಞಾನ ಬೇಕಾಯಿತು, ಭಾರತೀಯನನ್ನು ಹೊರಗಿಡಲು ಬೇಡವಾಯಿತು. ಆಗಲೇ ಪೌರತ್ವ ಪಡೆದಿದ್ದ ಎಷ್ಟೋ ಭಾರತೀಯರು ಅದನ್ನು ಕಳೆದುಕೊಂಡರು. ಥಿಂಡ್‌ಗೆ ಕೊನೆಗೆ 1936ರಲ್ಲಿ, ಮಾಜಿ ಸೈನಿಕರೆಂದು, ಪೌರತ್ವ ಸಿಕ್ಕಿತು. ಉಳಿದ ಭಾರತೀಯರಿಗೆ ಬಾಗಿಲು ತೆರೆದದ್ದು 1946ರ ಕಾನೂನಿನಿಂದ.

ಈ ತೀರ್ಪಿನಲ್ಲಿ ಕಾಕೇಶಿಯನ್ ಎಂಬ ಹೆಸರಿನ ಮುಂದಿನ ಬಾಳೂ ತೀರ್ಮಾನವಾಯಿತು ಅಂತ ನನಗೆ ಅನ್ನಿಸುತ್ತದೆ. ಹೆಸರು ವಿಜ್ಞಾನದ್ದು, ಅರ್ಥ ಮಾತ್ರ ಬೀದಿಯದ್ದು. ಬಿಳಿಯ ಎಂದು ನೇರವಾಗಿ ಹೇಳಲು ಮುಜುಗರವಾದಾಗ ಕಾಕೇಶಿಯನ್ ಎಂದರೆ ಕೇಳಲು ಗಂಭೀರವಾಗಿರುತ್ತದೆ. ಆ ಹಳೆಯ ವಿಂಗಡಣೆಯಿಂದ ಬಂದ ಮಂಗೋಲಾಯ್ಡ್, ನೀಗ್ರಾಯ್ಡ್ ಎಂಬ ಪದಗಳನ್ನು ಈಗ ಯಾರೂ ಮರ್ಯಾದೆಯಿಂದ ಬಳಸುವುದಿಲ್ಲ. ಅವು ಕರೆಸಿಕೊಂಡವರಿಗೆ ನೋವು ಕೊಟ್ಟವು, ಅವರು ಪ್ರತಿಭಟಿಸಿದರು. ಕಾಕೇಶಿಯನ್ ಅನ್ನಿಸಿಕೊಂಡವರಿಗೆ ನೋವಾಗಲು ಏನಿತ್ತು? ಅದು ಹೊಗಳಿಕೆಯಾಗಿಯೇ ಹುಟ್ಟಿದ ಹೆಸರು.

ಸರ್ಕಾರಿ ಲೆಕ್ಕದಲ್ಲೂ ನಮ್ಮವರು ಆಚೀಚೆ ಓಡಾಡಿದ್ದಾರೆ. 1970ರ ಅಮೆರಿಕದ ಜನಗಣತಿಯಲ್ಲಿ ಭಾರತೀಯರನ್ನು ಬಿಳಿಯರ ಜೊತೆ ಎಣಿಸಿದರು. 1980ರಲ್ಲಿ ಏಷ್ಯನ್ ಇಂಡಿಯನ್ ಎಂಬ ಬೇರೆ ಮನೆ ಮಾಡಿದರು. ಹತ್ತು ವರ್ಷದಲ್ಲಿ ಯಾರ ಬುರುಡೆಯೂ ಬದಲಾಗಿರಲಿಲ್ಲ.

ವಂಶವಾಹಿಗಳ ಅಧ್ಯಯನವೂ ಈ ಮನೆಗಳನ್ನು ಉಳಿಸಲಿಲ್ಲ. 1972ರಲ್ಲಿ ರಿಚರ್ಡ್ ಲೆವೊಂಟಿನ್ ಎಂಬ ತಳಿವಿಜ್ಞಾನಿ ರಕ್ತದ ಪ್ರೋಟೀನುಗಳನ್ನು ಹೋಲಿಸಿ ನೋಡಿದರು. ಮನುಷ್ಯರ ನಡುವಿನ ವ್ಯತ್ಯಾಸದಲ್ಲಿ ಸುಮಾರು 85 ಶೇಕಡಾ ಒಂದೇ ಗುಂಪಿನ ಜನರ ನಡುವೆಯೇ ಇತ್ತು. ಜನಾಂಗಗಳ ನಡುವೆ ಇದ್ದದ್ದು 6 ಶೇಕಡಾದಷ್ಟು, ಮಿಕ್ಕದ್ದು ಒಂದೇ ಜನಾಂಗದ ಬೇರೆಬೇರೆ ಗುಂಪುಗಳ ನಡುವಿನದ್ದು. ಊರಿಂದ ಊರಿಗೆ, ದೇಶದಿಂದ ದೇಶಕ್ಕೆ ವಂಶವಾಹಿಗಳು ಬದಲಾಗುತ್ತಾ ಹೋಗುವುದು ನಿಜ. ಪೂರ್ವಜರು ಯಾವ ಕಡೆಯವರು ಎಂದು ಅವುಗಳಿಂದ ಊಹಿಸಲೂ ಆಗುತ್ತದೆ. ಐದು ಡಬ್ಬಿಗಳು ಮಾತ್ರ ಸಿಗುವುದಿಲ್ಲ.

ಹೀಗಿದ್ದೂ ಆ ಡಬ್ಬಿ ನಮ್ಮೂರಿನ ಕ್ಲಿನಿಕ್ಕುಗಳಿಗೂ ಬಂದಿದೆ. ಉಬ್ಬಸ ಇದ್ದವರಿಗೆ ಸ್ಪೈರೋಮೀಟರ್ ಎಂಬ ಯಂತ್ರದ ಕೊಳವೆಗೆ ಜೋರಾಗಿ ಊದಲು ಹೇಳುತ್ತಾರೆ. ನೀವು ಊದಿದ ಗಾಳಿಯನ್ನು ನಿಮ್ಮ ವಯಸ್ಸು, ಎತ್ತರ, ಲಿಂಗದ ಆರೋಗ್ಯವಂತರು ಎಷ್ಟು ಊದಬೇಕೋ ಅದಕ್ಕೆ ಯಂತ್ರ ಹೋಲಿಸುತ್ತದೆ. ಆ ಆರೋಗ್ಯವಂತರು ಯಾರು? 2012ರ ಅಂತಾರಾಷ್ಟ್ರೀಯ ಸೂತ್ರದಲ್ಲಿ ಕಾಕೇಶಿಯನ್, ಆಫ್ರಿಕನ್ ಅಮೆರಿಕನ್, ಈಶಾನ್ಯ ಏಷ್ಯಾ, ಆಗ್ನೇಯ ಏಷ್ಯಾ, ಇತರ ಎಂಬ ಆಯ್ಕೆಗಳಿದ್ದವು. ಭಾರತೀಯರಿಗೆ ಅಂತ ಬೇರೆ ಮನೆ ಇರಲಿಲ್ಲ. ಕಾಕೇಶಿಯನ್ ಲೆಕ್ಕವನ್ನೇ ಇಟ್ಟುಕೊಂಡು 10 ಶೇಕಡಾ ಕಳೆಯುವ ಪದ್ಧತಿಯೂ ನಮ್ಮಲ್ಲಿ ಇದೆ.

ಇದರಿಂದ ಏನಾಗುತ್ತದೆ ಅಂತ ಒಂದು ಲೆಕ್ಕ ಹಾಕೋಣ. ಕಾಕೇಶಿಯನ್ ಸೂತ್ರ ಒಬ್ಬರಿಗೆ 4 ಲೀಟರ್ ಬರಬೇಕು ಎನ್ನುತ್ತದೆ, ಅವರು ಊದಿದ್ದು 3 ಲೀಟರ್. ಅಂದರೆ 75 ಶೇಕಡಾ. 80ಕ್ಕಿಂತ ಕಡಿಮೆ ಇದ್ದರೆ ತೊಂದರೆ ಎನ್ನುವ ಹಳೆಯ ರೂಢಿಯ ಪ್ರಕಾರ ವರದಿಯಲ್ಲಿ ಶ್ವಾಸಕೋಶ ಸರಿಯಿಲ್ಲ ಎಂದು ಬರುತ್ತದೆ. ಈಗ 10 ಶೇಕಡಾ ಕಳೆಯಿರಿ. ಬರಬೇಕಾದದ್ದು 3.6 ಲೀಟರ್ ಆಯಿತು. ಅದೇ 3 ಲೀಟರ್ ಈಗ 83 ಶೇಕಡಾ, ಎಲ್ಲ ಸರಿಯಿದೆ. ಮನುಷ್ಯ ಅದೇ, ಉಸಿರು ಅದೇ. ಆರೋಗ್ಯವಂತನಿಗೆ ಸುಮ್ನೆ ಕಾಯಿಲೆಯ ಹಣೆಪಟ್ಟಿ ಬೀಳಬಹುದು. ಕಾಯಿಲೆ ಇದ್ದವರ, ಅದರಲ್ಲೂ ಚಿಕ್ಕಂದಿನಿಂದ ಹೊಗೆ, ಧೂಳು, ಅಪೌಷ್ಟಿಕತೆ ಅನುಭವಿಸಿದವರ ನಷ್ಟ ‘ಅವರ ಜನಾಂಗವೇ ಹಾಗೆ’ ಎಂಬ ಕಡಿತದಲ್ಲಿ ಮುಚ್ಚಿಹೋಗಬಹುದು.

2023ರಲ್ಲಿ ಶ್ವಾಸಕೋಶ ತಜ್ಞರ ಸಂಘವಾದ ಅಮೆರಿಕನ್ ಥೊರಾಸಿಕ್ ಸೊಸೈಟಿ ಜನಾಂಗದ ಪ್ರಶ್ನೆಯನ್ನೇ ಕೇಳದೆ, ಎಲ್ಲರಿಗೂ ಒಂದೇ ಸರಾಸರಿ ಸೂತ್ರ ಬಳಸಿ ಎಂದು ಸಲಹೆ ಕೊಟ್ಟಿತು. ಈ ಸರಾಸರಿಗೂ ಮಿತಿಯಿದೆ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರ ಕಾಲು ಉದ್ದ, ಇನ್ನೊಬ್ಬರ ಎದೆಗೂಡು ಉದ್ದ ಇರಬಹುದು, ಶ್ವಾಸಕೋಶದ ಗಾತ್ರ ಅದರಿಂದಲೂ ಬದಲಾಗುತ್ತದೆ. ಅದಕ್ಕೇ ಒಂದು ಸಲದ ಅಂಕಿಗಿಂತ ನಿಮ್ಮದೇ ಹೋದ ವರ್ಷದ ಅಂಕಿಯ ಜೊತೆ ಹೋಲಿಸುವುದು ಜಾಸ್ತಿ ಉಪಯೋಗ. ಆದರೆ ಎರಡೂ ಸಲ ಯಂತ್ರದಲ್ಲಿ ಒಂದೇ ಸೂತ್ರ ಇತ್ತಾ ಎಂದು ವರದಿಯಲ್ಲಿ ನೋಡಿಕೊಳ್ಳಬೇಕು.

ಅಂದಹಾಗೆ, ನಿಜವಾದ ಕಾಕಸಸ್ಸಿನ ಜನರಿಗೆ ಈ ಹೆಸರಿನಿಂದ ಹೆಚ್ಚೇನೂ ಸಿಕ್ಕಿಲ್ಲ. ರಷ್ಯಾದಲ್ಲಿ ಕಾಕೇಶಿಯನ್ ಅಂದರೆ ಇವತ್ತಿಗೂ ಆ ಬೆಟ್ಟಗಳ ಕಡೆಯವನು ಎಂದೇ ಅರ್ಥ. ಮಾಸ್ಕೋದ ಬೀದಿಯಲ್ಲಿ ಅಂಥವರನ್ನು ಬೈಯುವವರು ಬಳಸುವ ಪದ ‘ಕರಿಯ’.