ಕೋಟಾದ ಎಂಟು ಲಕ್ಷ ಯಾರ ಜೇಬಿಗೆ?

ಆಮದುದಾರರ ಲೆಕ್ಕಪತ್ರ ನೋಡುವ ಕೆಲಸದಲ್ಲಿ ನಾನು ಒಂದು ವಿಚಿತ್ರ ಗಮನಿಸಿದ್ದೇನೆ. ಸುಂಕ ಏರಿದ ದಿನ ಎಲ್ಲರೂ ಗೊಣಗುತ್ತಾರೆ. ಕೋಟಾ ಬಂದ ದಿನ ಕೆಲವರು ಮಾತ್ರ ಸುಮ್ಮನಿರುತ್ತಾರೆ. ಆ ಸುಮ್ಮನಿರುವವರ ಕೈಯಲ್ಲಿ ಲೈಸೆನ್ಸ್ ಇರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಸರಕಿನ ಜಾಗತಿಕ ಬೆಲೆ 100 ಎಂದಿಟ್ಟುಕೊಳ್ಳಿ. ಆ ಬೆಲೆಗೆ ದೇಶದ ಜನ ವರ್ಷಕ್ಕೆ ಒಂದು ಲಕ್ಷ ಕೊಳ್ಳುತ್ತಾರೆ. ಅದರಲ್ಲಿ 40 ಸಾವಿರ ಒಳಗೇ ತಯಾರಾಗುತ್ತದೆ, 60 ಸಾವಿರ ಹೊರಗಿನಿಂದ ಬರುತ್ತದೆ. ಸರ್ಕಾರ ಪ್ರತಿ ಆಮದಿನ ಮೇಲೆ 20 ಸುಂಕ ಹಾಕುತ್ತದೆ. ಅಂಗಡಿಯ ಬೆಲೆ 120ಕ್ಕೆ ಏರುತ್ತದೆ. ಕೊಳ್ಳುವುದು 90 ಸಾವಿರಕ್ಕೆ ಇಳಿದು, ದೇಶದ ಉತ್ಪಾದನೆ 50 ಸಾವಿರಕ್ಕೆ ಏರಿ, ಆಮದು 40 ಸಾವಿರಕ್ಕೆ ನಿಲ್ಲುತ್ತದೆ ಎನ್ನಿ.

ಗ್ರಾಹಕರಿಗೆ ಆದ ನಷ್ಟ 19 ಲಕ್ಷ. ಹೆಚ್ಚು ತೆತ್ತದ್ದು ಮಾತ್ರವಲ್ಲ, ದುಬಾರಿಯಾಯಿತೆಂದು ಕೊಳ್ಳದೇ ಬಿಟ್ಟವರ ನಷ್ಟವೂ ಇದರಲ್ಲಿ ಸೇರಿದೆ. ದೇಶದ ತಯಾರಕರಿಗೆ 9 ಲಕ್ಷ ಲಾಭ. 40 ಸಾವಿರಕ್ಕೆ ತಲಾ 20ರಂತೆ ಬೊಕ್ಕಸಕ್ಕೆ 8 ಲಕ್ಷ. ಉಳಿದ 2 ಲಕ್ಷ ಯಾರಿಗೂ ದಕ್ಕದೆ ಹೋಗುತ್ತದೆ.

ಈಗ ಸುಂಕ ತೆಗೆದು, ವರ್ಷಕ್ಕೆ 40 ಸಾವಿರಕ್ಕಿಂತ ಹೆಚ್ಚು ತರುವಂತಿಲ್ಲ ಎಂದು ಕೋಟಾ ಹಾಕಿ. ಒಳಗೆ ಬರುವ ಸರಕು ಅಷ್ಟೇ, ಆದ್ದರಿಂದ ಬೆಲೆಯೂ ಅದೇ 120. ಗ್ರಾಹಕರ ನಷ್ಟ ಅಷ್ಟೇ, ತಯಾರಕರ ಲಾಭ ಅಷ್ಟೇ. ಬದಲಾದದ್ದು ಆ 8 ಲಕ್ಷದ ದಾರಿ ಮಾತ್ರ. ಲೈಸೆನ್ಸ್ ಇದ್ದವನು 100ಕ್ಕೆ ತಂದು 120ಕ್ಕೆ ಮಾರುತ್ತಾನೆ. ನಡುವಿನ 20 ಅವನದೇ. ಲೈಸೆನ್ಸನ್ನು ಸರ್ಕಾರ ಹರಾಜು ಹಾಕಿದರೆ, ಕೂಗುವವರಲ್ಲಿ ನಿಜವಾದ ಪೈಪೋಟಿ ಇದ್ದರೆ, ಹಣ ಮತ್ತೆ ಬೊಕ್ಕಸಕ್ಕೇ ಬರುತ್ತದೆ. ಆದರೆ ಸಾಮಾನ್ಯವಾಗಿ ಹಳೇ ಆಮದುದಾರರಿಗೆ ಹಿಂದಿನ ಪಾಲಿನಂತೆ ಬಿಟ್ಟಿಯಾಗಿ ಹಂಚಿಬಿಡುತ್ತಾರೆ. ಆಗ ಲೈಸೆನ್ಸಿಗಾಗಿಯೇ ಓಡಾಟ ಶುರು. ಅರ್ಥಶಾಸ್ತ್ರಜ್ಞೆ ಆ್ಯನ್ ಕ್ರೂಗರ್ 1974ರಲ್ಲಿ ಎತ್ತಿ ತೋರಿಸಿದ್ದು ಇದನ್ನೇ: ಕಾರ್ಖಾನೆಯ ಸಾಮರ್ಥ್ಯಕ್ಕೆ ತಕ್ಕಂತೆ ಲೈಸೆನ್ಸ್ ಕೊಟ್ಟರೆ, ಯಂತ್ರ ಖಾಲಿ ಕೂತಿದ್ದರೂ ಜನ ಕಾರ್ಖಾನೆ ಹಿಗ್ಗಿಸುತ್ತಾರೆ. ಹಾಗಾದಾಗ ಪೋಲಾಗುವುದು ಆ 2 ಲಕ್ಷವಷ್ಟೇ ಅಲ್ಲ, 8 ಲಕ್ಷದ ಒಂದು ಭಾಗವೂ ಹೌದು.

ಮೊದಲ ವರ್ಷ ಎರಡೂ ಒಂದೇ ತೂಕ ಎನಿಸಿದರೂ, ಪರಿಸ್ಥಿತಿ ಬದಲಾದಾಗ ದಾರಿ ಬೇರೆಯಾಗುತ್ತದೆ. ಬೇಡಿಕೆ 15 ಸಾವಿರ ಹೆಚ್ಚಿತು ಎನ್ನಿ. ಸುಂಕವಿದ್ದರೆ ಆಮದು 55 ಸಾವಿರಕ್ಕೆ ಏರುತ್ತದೆ, ಬೆಲೆ 120ರಲ್ಲೇ ಇರುತ್ತದೆ, ಬೊಕ್ಕಸಕ್ಕೆ 11 ಲಕ್ಷ ಸೇರುತ್ತದೆ. ಕೋಟಾ ಇದ್ದರೆ ಒಂದು ಸರಕೂ ಹೆಚ್ಚು ಬರುವಂತಿಲ್ಲ. ಇದೇ ಲೆಕ್ಕದಲ್ಲಿ ಬೆಲೆ 135ಕ್ಕೆ ಜಿಗಿಯುತ್ತದೆ, ಲೈಸೆನ್ಸುದಾರರ ಗಳಿಕೆ 14 ಲಕ್ಷವಾಗುತ್ತದೆ. ಬೇಡಿಕೆ ಹಾಗೇ ಇದ್ದು ಜಾಗತಿಕ ಬೆಲೆ 90ಕ್ಕೆ ಇಳಿದರೂ ಅದೇ ಕಥೆ. ಸುಂಕದಡಿ ಅಂಗಡಿಯ ಬೆಲೆ 110ಕ್ಕೆ ಬರುತ್ತದೆ. ಕೋಟಾದಡಿ 120 ಕದಲುವುದಿಲ್ಲ. ಹೊರಗೆ ಅಗ್ಗವಾದದ್ದು ಗ್ರಾಹಕನಿಗೆ ತಿಳಿಯುವುದೇ ಇಲ್ಲ.

ಲೈಸೆನ್ಸ್ ಹೊರದೇಶದವರ ಕೈಗೆ ಹೋದರೆ ಇನ್ನೂ ದುಬಾರಿ. 1981ರಲ್ಲಿ ಅಮೆರಿಕದ ಒತ್ತಾಯಕ್ಕೆ ಮಣಿದ ಜಪಾನ್, ಅಲ್ಲಿಗೆ ಕಳಿಸುವ ಕಾರುಗಳನ್ನು ವರ್ಷಕ್ಕೆ 16.8 ಲಕ್ಷಕ್ಕೆ ಮಿತಿಗೊಳಿಸಿತು. ಹೆಸರಿಗೆ ಇದು ಸ್ವಯಂಪ್ರೇರಿತ ರಫ್ತು ಮಿತಿ, ಪರಿಣಾಮ ಕೋಟಾದ್ದೇ. ಜಪಾನಿ ಕಾರುಗಳ ಬೆಲೆ ಏರಿತು, ಏರಿದ್ದರಲ್ಲಿ ದೊಡ್ಡ ಪಾಲು ಜಪಾನಿ ಕಂಪನಿಗಳಿಗೇ ಹೋಯಿತು. ನಮ್ಮ ಉದಾಹರಣೆಯಲ್ಲಾದರೆ, ಆ 8 ಲಕ್ಷ ಗಡಿ ದಾಟಿ, ದೇಶದ ಒಟ್ಟು ನಷ್ಟ 2 ಲಕ್ಷದ ಬದಲು 10 ಲಕ್ಷ.

ಕೋಟಾ ಎಷ್ಟು ಸುಂಕಕ್ಕೆ ಸಮ ಎಂದು ಕೇಳುವವರಿಗೆ ನಾನು ಮಾಡಿಕೊಡುವ ಲೆಕ್ಕ ಸರಳ. ಬಂದರಿನಲ್ಲಿ ಇಳಿದಾಗಿನ ಬೆಲೆಗೆ ಒಳಗಿನ ಸಾಗಣೆ, ಮಾರಾಟದ ಖರ್ಚು ಸೇರಿಸಿ, ಸುಂಕವಿದ್ದರೆ ಅದನ್ನೂ ಕೂಡಿಸಿ, ಅಂಗಡಿಯ ಬೆಲೆಯಿಂದ ಕಳೆಯಬೇಕು. ಉಳಿದದ್ದೇ ಲೈಸೆನ್ಸಿನ ಬೆಲೆ. ಎಡವುವುದು ಒಂದೇ ಕಡೆ: ಎರಡೂ ಬೆಲೆ ಒಂದೇ ದರ್ಜೆಯ ಸರಕಿನದಾಗಿರಬೇಕು. ಕೋಟಾ ಎಣಿಸುವುದು ಸಂಖ್ಯೆಯನ್ನು, ಮೌಲ್ಯವನ್ನಲ್ಲ. ಹಾಗಾಗಿ ಮಾರುವವರು ಪ್ರತಿ ಲೈಸೆನ್ಸಿಗೂ ಹೆಚ್ಚು ಲಾಭದ, ದುಬಾರಿ ಮಾದರಿಯನ್ನೇ ಕಳಿಸತೊಡಗುತ್ತಾರೆ. ಜಪಾನಿನ ಕಾರುಗಳೂ ಆ ವರ್ಷಗಳಲ್ಲಿ ದೊಡ್ಡದಾಗಿ, ಸೌಲಭ್ಯ ತುಂಬಿಕೊಂಡು ಬಂದವು. ಸರಾಸರಿ ಬೆಲೆ ಏರಿದ್ದರಲ್ಲಿ ಒಂದು ಪಾಲು ಕೋಟಾದ್ದು, ಇನ್ನೊಂದು ಪಾಲು ಕಾರು ಬದಲಾದದ್ದಕ್ಕೆ. ಎರಡನ್ನೂ ಬಿಡಿಸದೆ ಕಳೆದರೆ ಲೈಸೆನ್ಸಿನ ಬೆಲೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.